ಹೊಸ ಶಾಖೆ ತೆರೆಯುತ್ತಿದ್ದೀರಾ? ಪ್ರಾಸ್ತಾವಿಕದಲ್ಲಿ ಇಷ್ಟನ್ನು ಹೇಳಿ

ಗದಗ, ಹಾವೇರಿ, ಹುಬ್ಬಳ್ಳಿ ಕಡೆ ಪತ್ತಿನ ಸಹಕಾರಿಯ ಹೊಸ ಶಾಖೆ ಉದ್ಘಾಟನೆ ಹೇಗೆ ನಡೆಯುತ್ತದೆ ಅಂತ ನಿಮಗೆಲ್ಲ ಗೊತ್ತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಆಮೇಲೆ ಜ್ಯೋತಿ ಬೆಳಗುವುದು, ಆಮೇಲೆ ಒಬ್ಬರಾದ ಮೇಲೆ ಒಬ್ಬರ ಭಾಷಣ. ಇದರಲ್ಲಿ ಪ್ರಾಸ್ತಾವಿಕ ಅನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಂದಿನ ದಿನ ರಾತ್ರಿ ಯಾರಿಗಾದರೂ ಫೋನ್ ಮಾಡಿ "ಸರ, ನೀವ ಎರಡು ಮಾತು ಹೇಳಿಬಿಡ್ರಿ" ಅಂತ ಒಪ್ಪಿಸಿಬಿಡುತ್ತಾರೆ. ನಾನು ಒಂದು ಪತ್ತಿನ ಸಂಘದಲ್ಲಿ ಕಾರ್ಯದರ್ಶಿಯಾಗಿ ಕೆಲಸ ಮಾಡಿದವನು. ಈ ಮಾತುಗಳನ್ನು ಬರೆದುಕೊಟ್ಟಿದ್ದೇನೆ, ನಿಂತು ಆಡಿಯೂ ಇದ್ದೇನೆ. ನನ್ನ ಪ್ರಕಾರ ಇಡೀ ಕಾರ್ಯಕ್ರಮದಲ್ಲಿ ಮುಖ್ಯವಾದದ್ದು ಇದೊಂದೇ. ಯಾಕೆಂದರೆ ಅವತ್ತು ಎದುರಿಗೆ ಕೂತವರು ನಾಳೆಯಿಂದ ಇಲ್ಲಿ ದುಡ್ಡು ಇಡುವವರು, ಸಾಲ ತೆಗೆಯುವವರು. ಈ ಸಂಸ್ಥೆ ಏನು, ಇಲ್ಲಿಗೆ ಯಾಕೆ ಬಂತು, ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಅವರಿಗೆ ಒಟ್ಟಿಗೆ ಹೇಳುವ ಅವಕಾಶ ಮತ್ತೆ ಬೇಗ ಸಿಗುವುದಿಲ್ಲ.

ಆದರೆ ಆಗುವುದು ಬೇರೆ. ಸ್ವಾಗತ ಮಾಡಿದವರು ವೇದಿಕೆ ಮೇಲಿನ ಹೆಸರುಗಳನ್ನೆಲ್ಲ ಓದಿ, ಹಾರ ಹಾಕಿಸಿ ಮುಗಿಸಿರುತ್ತಾರೆ. ಪ್ರಾಸ್ತಾವಿಕದವರು ಬಂದು ಅದೇ ಹೆಸರುಗಳನ್ನು ಮತ್ತೆ ಮೊದಲಿನಿಂದ ಓದುತ್ತಾರೆ. ನಡುವೆ ಒಂದು ಚೀಟಿ ಬರುತ್ತದೆ, ಇನ್ನೊಂದು ಹೆಸರು ಸೇರಿಸಿ ಅಂತ. ಅಷ್ಟರಲ್ಲಿ ಹಿಂದಿನ ಸಾಲಿನವರು ಶಿರಾ, ಉಪ್ಪಿಟ್ಟಿನ ಕಡೆ ನೋಡಲು ಶುರು ಮಾಡಿರುತ್ತಾರೆ. ಹೆಸರು ಹೇಳುವುದು ಸ್ವಾಗತದವರ ಕೆಲಸ. ಪ್ರಾಸ್ತಾವಿಕಕ್ಕೆ "ಸಾನ್ನಿಧ್ಯ ವಹಿಸಿದ ಪೂಜ್ಯರೆ, ವೇದಿಕೆ ಮೇಲಿನ ಹಿರಿಯರೆ, ಊರಿನ ಎಲ್ಲ ಬಂಧುಗಳೆ" ಅಂದರೆ ಸಾಕು. ನೇರ ವಿಷಯಕ್ಕೆ ಬನ್ನಿ.

ವಿಷಯ ಅಂದರೆ ಮೊದಲನೆಯದು, ಈ ಊರೇ ಯಾಕೆ. ಮುಳಗುಂದದಂಥ ಊರಿನಲ್ಲಿ ಶಾಖೆ ಅಂತ ಇಟ್ಟುಕೊಳ್ಳಿ, ಪ್ರಧಾನ ಕಚೇರಿ ಗದಗದಲ್ಲಿದೆ. "ಗ್ರಾಹಕರ ಸೇವೆಯೇ ನಮ್ಮ ಗುರಿ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು ಆ ಊರಿನ ಹೊಲದ ಲೆಕ್ಕ ಹೇಳಿ. ಎರೆ ಭೂಮಿ. ಮುಂಗಾರಿಗೆ ಹೆಸರು ಬಿತ್ತುತ್ತಾರೆ, ಮಳೆ ಸರಿಯಾದರೆ ಎರಡು, ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ಹಿಂಗಾರಿಗೆ ಕಡಲೆ, ಜೋಳ. ಹೆಸರು ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೇ ಹಿಂಗಾರಿ ಬೀಜ, ಗೊಬ್ಬರಕ್ಕೆ ದುಡ್ಡು ಬೇಕಾಗುತ್ತದೆ. ಹೆಸರಿನ ಕೊಯ್ಲಿಗೆ ಸರಿಯಾಗಿ ಮಳೆ ಹಿಡಿದರೆ ಕಾಳು ಕೆಟ್ಟು ದರ ಬೀಳುತ್ತದೆ. ಆಗ ಸಾಲಕ್ಕೆ ಅಡವಿಡಲು ಮನೆಯ ಬಂಗಾರ ತೆಗೆದುಕೊಂಡು ಬಸ್ ಹತ್ತಿ ಗದಗಕ್ಕೆ ಹೋಗಬೇಕು, ಒಂದು ದಿನದ ಕೆಲಸ ಹಾಳು. "ಆ ಸಾಲಕ್ಕಾಗಿ ನೀವು ಗದಗಕ್ಕೆ ಬರುವುದು ತಪ್ಪಲಿ ಅಂತ ಈ ಶಾಖೆ" ಅಂತ ಹೇಳಿದರೆ ಹಿಂದಿನ ಸಾಲಿನವರೂ ತಲೆ ಎತ್ತಿ ಕೇಳುತ್ತಾರೆ.

ಗದಗ ಕಡೆ ಯಾವ ಸಹಕಾರಿ ಕಾರ್ಯಕ್ರಮವಾದರೂ ಕಣಗಿನಹಾಳದ ಹೆಸರು ಬಂದೇ ಬರುತ್ತದೆ. ಬರಲಿ, ಅದು ನಮ್ಮ ಹೆಮ್ಮೆ. 1904ರಲ್ಲಿ ಸಹಕಾರ ಕಾಯ್ದೆ ಬಂತು, ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗದಗ ತಾಲೂಕಿನ ಆ ಹಳ್ಳಿಯಲ್ಲಿ ಸಂಘ ಕಟ್ಟಿದರು. ಆದರೆ ಇಷ್ಟು ಹೇಳಿ ಚಪ್ಪಾಳೆ ತೆಗೆದುಕೊಂಡು ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅಂಥ ಹಳ್ಳಿ ಸಂಘದಲ್ಲಿ ಸಾಲ ಕೊಡುವವರು, ತೆಗೆಯುವವರು ಒಂದೇ ಊರಿನವರು. ಯಾರ ಹೊಲ ಎಲ್ಲಿದೆ, ಯಾರ ಮನೆಯಲ್ಲಿ ಮದುವೆ ಇದೆ, ಯಾರು ಮಾತಿಗೆ ತಪ್ಪುವವರಲ್ಲ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಶಾಖೆ ತೆರೆದ ಕೂಡಲೇ ಆ ಪರಿಚಯ ಇಲ್ಲವಾಗುತ್ತದೆ. ಸಾಲ ಮಂಜೂರು ಮಾಡುವ ಆಡಳಿತ ಮಂಡಳಿ ಗದಗದಲ್ಲಿ ಕೂತಿದೆ, ಸಾಲ ಕೇಳುವವರು ಮುಳಗುಂದದಲ್ಲಿದ್ದಾರೆ. ಮಧ್ಯದಲ್ಲಿ ಇರುವುದು ವರ್ಗವಾಗಿ ಬಂದ ಒಬ್ಬ ಶಾಖಾ ವ್ಯವಸ್ಥಾಪಕ, ಊರಿಗೆ ಹೊಸಬ. ಶಾಖೆಗಳಲ್ಲಿ ಸುಸ್ತಿ, ಅಂದರೆ ವೇಳೆಗೆ ವಾಪಸ್ ಬಾರದ ಸಾಲ, ಹೆಚ್ಚಾಗುವುದು ಬಹಳ ಸಲ ಇಲ್ಲಿಂದಲೇ.

ಅದಕ್ಕೇ ಊರಿನ ನಾಲ್ಕೈದು ಜನರ ಶಾಖಾ ಸಲಹಾ ಸಮಿತಿ ಅಂತ ಮಾಡುತ್ತಾರೆ. ಸಾಲ ಮಂಜೂರು ಮಾಡುವ ಅಧಿಕಾರ ಅವರಿಗೆ ಇರುವುದಿಲ್ಲ, ಅರ್ಜಿದಾರರ ಬಗ್ಗೆ ಅಭಿಪ್ರಾಯ ಹೇಳುತ್ತಾರೆ ಅಷ್ಟೆ. ಪ್ರಾಸ್ತಾವಿಕದಲ್ಲಿ ಪರಿಚಯ ಮಾಡಬೇಕಾದದ್ದು ಮೊದಲು ಈ ಜನರನ್ನು! ಅವರನ್ನು ಎದ್ದು ನಿಲ್ಲಿಸಿ ತೋರಿಸಿ. "ಇವರು ಸಾಲ ಕೊಡಿಸುವವರಲ್ಲ, ನಿಮ್ಮ ಬಗ್ಗೆ ನಮಗೆ, ನಮ್ಮ ಬಗ್ಗೆ ನಿಮಗೆ ತಿಳಿಸುವವರು" ಅಂತ ಸ್ಪಷ್ಟವಾಗಿ ಹೇಳಿ. ಇದನ್ನು ಹೇಳದೆ ಬಿಟ್ಟರೆ ಮರುದಿನ ಬೆಳಿಗ್ಗೆಯೇ ಜನ ಅವರ ಮನೆ ಬಾಗಿಲಿಗೆ ಶಿಫಾರಸಿಗೆ ಹೋಗುತ್ತಾರೆ. ಹಾಗೇ ಶಾಖಾ ವ್ಯವಸ್ಥಾಪಕರನ್ನು, ಪಿಗ್ಮಿ ತುಂಬಿಸಿಕೊಳ್ಳುವವರನ್ನು ತೋರಿಸಿ. ಪಿಗ್ಮಿಯವರ ಮುಖ ಊರಿಗೆ ಗೊತ್ತಿರಲೇಬೇಕು, ದಿನಾ ಅಂಗಡಿಗೆ ಬಂದು ದುಡ್ಡು ತೆಗೆದುಕೊಂಡು ಹೋಗುವವರು ಅವರು. ದುಡ್ಡು ಕೊಟ್ಟ ಕೂಡಲೇ ಮಷಿನ್ ರಸೀದಿ ಕೇಳಿ, ಆಗಾಗ ಶಾಖೆಗೆ ಬಂದು ಖಾತೆಯ ಲೆಕ್ಕ ತಾಳೆ ನೋಡಿ ಅಂತ ಅವರ ಎದುರಿಗೇ ಹೇಳಿ. ಅದರಿಂದ ಅವರಿಗೆ ಅವಮಾನವೇನಿಲ್ಲ. ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೆ ಅದೇ ರಕ್ಷಣೆ.

ವೇದಿಕೆ ಮೇಲಿನ ಅತಿಥಿಗಳ ಪರಿಚಯಕ್ಕೂ ಇದೇ ಮಾತು. ಯಾವ ಪದವಿ, ಯಾವ ಪ್ರಶಸ್ತಿ ಅಂತ ಅರ್ಧ ಪುಟ ಓದಬೇಡಿ. ಈ ಶಾಖೆಗೂ ಅವರಿಗೂ ಏನು ಸಂಬಂಧ ಅಂತ ಒಂದೊಂದು ವಾಕ್ಯ ಹೇಳಿ. ಮಠದ ಅಜ್ಜಾರು ಯಾಕೆ ಬಂದಿದ್ದಾರೆ, ಜಾಗ ಬಾಡಿಗೆಗೆ ಕೊಟ್ಟ ಮಾಲೀಕರು ಯಾರು, ದಲಾಲಿ ಅಂಗಡಿಯವರು, ಸ್ತ್ರೀಶಕ್ತಿ ಸಂಘದ ಅಕ್ಕೋರು ಏನು ಸಹಾಯ ಮಾಡಿದರು, ಅಷ್ಟು ಸಾಕು. ಇನ್ನೊಂದು ಮಾತು. "ಇಂದು ಇಂಥವರು ಇಷ್ಟು ಲಕ್ಷ ಠೇವಣಿ ಇಟ್ಟು ಆಶೀರ್ವದಿಸಿದ್ದಾರೆ" ಅಂತ ಮೈಕಿನಲ್ಲಿ ಕೂಗುವ ರೂಢಿ ಇದೆಯಲ್ಲ, ದಯವಿಟ್ಟು ಬಿಡಿ. ಒಬ್ಬರ ದುಡ್ಡಿನ ವಿಷಯವನ್ನು ಊರಿಗೆಲ್ಲ ಹೇಳಲು ನಮಗೆ ಹಕ್ಕಿಲ್ಲ. ಅವರು ಖುಷಿಯಿಂದ ಒಪ್ಪಿದರೂ ಬೇಡ.

ಅಂಕಿ ಸಂಖ್ಯೆಗೆ ಬಂದರೆ ನನಗೆ ಹೆಚ್ಚು ಬೇಸರ ತರುವುದು "ಒಟ್ಟು ವಹಿವಾಟು" ಅನ್ನುವುದು. ನೂರಾರು ಕೋಟಿ ವಹಿವಾಟು ಅಂತ ಹೇಳಿದ ಕೂಡಲೇ ಚಪ್ಪಾಳೆ ಬೀಳುತ್ತದೆ. ಆದರೆ ನಾನು ಇವತ್ತು ಒಂದು ಲಕ್ಷ ತುಂಬಿ ನಾಳೆ ತೆಗೆದರೆ ವಹಿವಾಟಿನಲ್ಲಿ ಎರಡು ಲಕ್ಷ ಆಗುತ್ತದೆ, ಸಂಘದಲ್ಲಿ ಉಳಿದದ್ದು ಏನೂ ಇಲ್ಲ. ಇದರ ಬದಲು ಮೂರು ಅಂಕಿ ಹೇಳಿ: ಠೇವಣಿ ಎಷ್ಟು, ಹೊರಗಿರುವ ಸಾಲ ಎಷ್ಟು, ಅದರಲ್ಲಿ ಸುಸ್ತಿ ಎಷ್ಟು. ಉದಾಹರಣೆಗೆ ಠೇವಣಿ 18 ಕೋಟಿ, ಸಾಲ 13 ಕೋಟಿ, ಸುಸ್ತಿ 40 ಲಕ್ಷ ಅಂತ ಇಟ್ಟುಕೊಳ್ಳಿ. ಅಂದರೆ ಕೊಟ್ಟ ನೂರು ರೂಪಾಯಿ ಸಾಲದಲ್ಲಿ ಸುಮಾರು ಮೂರು ರೂಪಾಯಿ ವೇಳೆಗೆ ವಾಪಸ್ ಬಂದಿಲ್ಲ. ಹೀಗೆ ಹೇಳಿದರೆ ಶಾಲೆಗೆ ಹೋಗದ ಅಜ್ಜಿಗೂ ಅರ್ಥ ಆಗುತ್ತದೆ. ಸುಸ್ತಿಯ ಅಂಕಿ ಹೇಳಲು ಆಡಳಿತ ಮಂಡಳಿ ಹಿಂಜರಿದರೆ, ಹೊಸ ಶಾಖೆ ಈಗ ಬೇಕಾ ಅಂತ ಮೊದಲು ಅವರೇ ಯೋಚನೆ ಮಾಡಬೇಕು.

ಇನ್ನು ಎಲ್ಲರೂ ನುಂಗಿಕೊಳ್ಳುವ ಮಾತು. ಪತ್ತಿನ ಸಹಕಾರಿ ಬ್ಯಾಂಕ್ ಅಲ್ಲ. 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿ ಆಗಿರಲಿ, 1997ರ ಸೌಹಾರ್ದ ಕಾಯ್ದೆಯಡಿ ಆಗಿರಲಿ, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲದೆ ಅದು ಬ್ಯಾಂಕ್ ಆಗುವುದಿಲ್ಲ. 2020ರಲ್ಲಿ ಕಾನೂನು ತಿದ್ದುಪಡಿ ಆದ ಮೇಲೆ ಅಂಥ ಸಂಘಗಳು ಹೆಸರಿನಲ್ಲಿ ಬ್ಯಾಂಕ್ ಅಂತ ಹಾಕಿಕೊಳ್ಳುವ ಹಾಗೂ ಇಲ್ಲ. 2021ರಲ್ಲಿ ರಿಸರ್ವ್ ಬ್ಯಾಂಕೇ ಈ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟಿತು. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ. ಲೈಸೆನ್ಸ್ ಇರುವ ಪಟ್ಟಣ ಸಹಕಾರಿ ಬ್ಯಾಂಕಿಗೂ ಅದು ಇದೆ. ಪತ್ತಿನ ಸಹಕಾರಿಗೆ ಆ ವಿಮೆ ಇಲ್ಲ.

ಇದನ್ನು ಪ್ರಾಸ್ತಾವಿಕದಲ್ಲಿ ಬರೆದಾಗ ಒಂದು ಸಂಸ್ಥೆಯ ನಿರ್ದೇಶಕರೊಬ್ಬರು ಸಿಟ್ಟಾದರು. "ಇನ್ಸೂರೆನ್ಸ್ ಇಲ್ಲಂತ ಮೈಕಿನ್ಯಾಗ ಹೇಳಿದ್ರ ಯಾರು ರೊಕ್ಕ ಇಡ್ತಾರ್ರಿ ಸರ?" ಅಂದರು. ಅವರ ಅಂಜಿಕೆ ನನಗೆ ಅರ್ಥವಾಯಿತು. ಆದರೆ ಬರೆದದ್ದನ್ನು ನಾನು ತೆಗೆಯಲಿಲ್ಲ. ಯಾಕೆಂದರೆ ಹೇಳದಿದ್ದರೆ ಜನ ಬೋರ್ಡ್ ನೋಡಿ, ಕೌಂಟರ್ ನೋಡಿ, ಪಾಸ್‌ಬುಕ್ ನೋಡಿ ಇದೂ ಬ್ಯಾಂಕೇ ಅಂದುಕೊಳ್ಳುತ್ತಾರೆ. ಮುಂದೆ ಎಲ್ಲೋ ಬೇರೆ ಊರಿನಲ್ಲಿ ಯಾವುದೋ ಸಂಘ ಮುಳುಗಿದ ಸುದ್ದಿ ಬಂದಾಗ ಅವರಿಗೆ ವಿಮೆ ಇಲ್ಲ ಅಂತ ಮೊದಲ ಸಲ ಗೊತ್ತಾಗುತ್ತದೆ. ಮರುದಿನ ಶಾಖೆ ಮುಂದೆ ಸಾಲು ನಿಲ್ಲುತ್ತದೆ. ಎಷ್ಟೇ ಗಟ್ಟಿ ಸಂಘವಾದರೂ ಎಲ್ಲರೂ ಒಂದೇ ದಿನ ಕೇಳಿದರೆ ಕೊಡಲು ಆಗುವುದಿಲ್ಲ, ದುಡ್ಡು ಸಾಲದಲ್ಲಿ ಇರುತ್ತದೆ ಅಲ್ವಾ.

ನಾನು ಬರೆದುಕೊಟ್ಟದ್ದು ಹೀಗಿತ್ತು: "ಇದು ಬ್ಯಾಂಕ್ ಅಲ್ಲ, ಸದಸ್ಯರೇ ಮಾಲೀಕರಾದ ಪತ್ತಿನ ಸಹಕಾರಿ. ಷೇರು ತೆಗೆದುಕೊಂಡು ಸದಸ್ಯರಾಗಿ, ಆಮೇಲೆ ವ್ಯವಹಾರ ಮಾಡಿ. ಇಲ್ಲಿಯ ಠೇವಣಿಗೆ ಬ್ಯಾಂಕಿಗಿರುವ ವಿಮೆ ಇಲ್ಲ. ನಿಮ್ಮ ದುಡ್ಡಿಗೆ ಭದ್ರತೆ ಅಂದರೆ ಸರಿಯಾಗಿ ಕೊಟ್ಟು ಸರಿಯಾಗಿ ವಸೂಲಿಯಾದ ಸಾಲ, ಮತ್ತು ಪ್ರತಿ ವರ್ಷದ ಆಡಿಟ್. ಆ ಆಡಿಟ್ ವರದಿಯ ಪ್ರತಿ ಈ ಶಾಖೆಯಲ್ಲೂ ಇರುತ್ತದೆ, ಬಂದು ನೋಡಿ. ಸರ್ವ ಸದಸ್ಯರ ಸಭೆಗೆ ಬನ್ನಿ, ಪ್ರಶ್ನೆ ಕೇಳಿ. ಬಂಗಾರದ ಸಾಲ ಇಲ್ಲೇ ಸಿಗುತ್ತದೆ. ಆಸ್ತಿ ಅಡಮಾನದ ಸಾಲ ಗದಗಕ್ಕೆ ಹೋಗಿ ಮಂಡಳಿ ಸಭೆಯಲ್ಲಿ ತೀರ್ಮಾನ ಆಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ." ಇದನ್ನು ಓದಲು ಒಂದೂವರೆ ನಿಮಿಷವೂ ಬೇಡ. ಆ ದಿನ ಊಟಕ್ಕೆ ಮೊದಲು ಜನ ವ್ಯವಸ್ಥಾಪಕರ ಸುತ್ತ ನಿಂತು ಷೇರು ಎಷ್ಟು, ಓಟು ಹಾಕಬಹುದಾ, ವರದಿ ಯಾವಾಗ ಸಿಗುತ್ತದೆ ಅಂತ ಕೇಳುತ್ತಿದ್ದರು. ಸಿಟ್ಟಾದ ನಿರ್ದೇಶಕರೂ ಅಲ್ಲೇ ನಿಂತು ಉತ್ತರ ಕೊಡುತ್ತಿದ್ದರು.

ಕೊನೆಗೆ ಸಮಯದ ವಿಷಯ. ಒಟ್ಟು ಏಳೆಂಟು ನಿಮಿಷ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಆದರೆ ಉದ್ಘಾಟಕರು ದಾರಿಯಲ್ಲೇ ಇದ್ದಾರೆ, "ಇನ್ನೊಂದಿಷ್ಟು ಎಳೀರಿ ಸರ" ಅಂತ ಚೀಟಿ ಬರುವುದು ನಮ್ಮ ಕಡೆ ಮಾಮೂಲು. ಅದಕ್ಕೆ ನಾನು ಇನ್ನೊಂದು ಹಾಳೆಯನ್ನು ಬೇರೆಯೇ ಬರೆದುಕೊಡುತ್ತೇನೆ. ಅದರಲ್ಲಿ ಭಾಷಣ ಇರುವುದಿಲ್ಲ. ಸದಸ್ಯರಾಗಲು ಏನೇನು ದಾಖಲೆ ತರಬೇಕು, ನಾಮಿನಿ ಹೆಸರು ಬರೆಸದಿದ್ದರೆ ಮನೆಯವರು ಏನು ಕಷ್ಟ ಪಡುತ್ತಾರೆ, ಕೌಂಟರ್ ಎಷ್ಟು ಹೊತ್ತಿಗೆ ತೆರೆಯುತ್ತದೆ, ದೂರು ಇದ್ದರೆ ಪ್ರಧಾನ ಕಚೇರಿಯಲ್ಲಿ ಯಾರನ್ನು ಕೇಳಬೇಕು, ಇಷ್ಟೇ. ಅತಿಥಿಗಳ ಕಾರು ಬಂದ ಸದ್ದಾದರೆ ಎಲ್ಲಿ ಬೇಕಾದರೂ ನಿಲ್ಲಿಸಿ "ಈಗ ಜ್ಯೋತಿ ಬೆಳಗಬೇಕೆಂದು ಗಣ್ಯರಲ್ಲಿ ವಿನಂತಿ" ಅಂತ ನಿರೂಪಕರಿಗೆ ಮೈಕ್ ಕೊಡಬಹುದು.