ಒಂದು ಮೇಲ್, ಮೂರು ದನಿ

ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಜಿಮೇಲ್ ಒಂದೇ, ಉತ್ತರ ಬರೆಯುವವರು ಮೂವರು: ನಾನು, ಅಣ್ಣ, ಅತ್ತಿಗೆ.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ಒಬ್ಬರು ಆರು ಜನಕ್ಕೆ ಎರಡು ರಾತ್ರಿ ಕೇಳಿದ್ದರು. ಅತ್ತಿಗೆ ‘ತಮ್ಮ ವಿಚಾರಣೆಗೆ ಧನ್ಯವಾದಗಳು, ಊಟ ಸೇರಿ ಒಬ್ಬರಿಗೆ ರಾತ್ರಿಗೆ 2,800 ರೂಪಾಯಿ’ ಎಂದು ಬರೆದರು. ಹತ್ತು ನಿಮಿಷದಲ್ಲಿ ನಾನು ತೋಟದಿಂದಲೇ ಫೋನಿನಲ್ಲಿ ‘ಬನ್ನಿ ಸರ್, ರೂಮ್ ಇದೆ, 2,500 ಆಗುತ್ತೆ’ ಎಂದು ಕಳಿಸಿದೆ. ಅವರು ಸರ್ ಅಲ್ಲ, ಮೇಡಂ! ‘ನಿಮ್ಮಲ್ಲಿ ಯಾರ ಮಾತು ನಂಬಲಿ?’ ಅಂತ ಮೇಲ್ ಬಂತು. ಮಾತು ಉಳಿಸಿಕೊಳ್ಳಲು 2,500ಕ್ಕೇ ಕೊಟ್ಟೆವು, 3,600 ರೂಪಾಯಿ ಹೋಯಿತು.

ನನ್ನ 2,500 ಎಲ್ಲಿಂದ ಬಂತು ಗೊತ್ತಾ? ಹಿಂದೆ ಕಳಿಸಿದ್ದ ಮೇಲಿನಿಂದ ಕಾಪಿ ಮಾಡಿದ್ದೆ. ಅದು ಮಳೆಗಾಲದ ರೇಟು. ಹಾಗಾಗಿ ಈಗ Sent ಫೋಲ್ಡರಿನಿಂದ ಕಾಪಿ ಮಾಡುವುದು ಬಂದ್. ರೇಟು, ಬರುವ ಹೊತ್ತು, ಬುಕಿಂಗ್ ರದ್ದಾದರೆ ಎಷ್ಟು ವಾಪಸ್ ಎಂಬಿಷ್ಟನ್ನು ಜಿಮೇಲ್ ಟೆಂಪ್ಲೇಟಿನಲ್ಲಿ ಇಟ್ಟಿದ್ದೇವೆ. ರೇಟು ಬದಲಾದರೆ ಅತ್ತಿಗೆ ಮಾತ್ರ ತಿದ್ದುತ್ತಾರೆ. ಆದರೆ ಇಡೀ ಪತ್ರ ಟೆಂಪ್ಲೇಟ್ ಮಾಡಬೇಡಿ. ಮೊದಲ ಸಾಲು ಕೈಯಾರೆ ಬರೆಯಿರಿ, ಇಲ್ಲದಿದ್ದರೆ ನಾಯಿ ತರಬಹುದಾ ಎಂದು ಕೇಳಿದವರಿಗೂ ರೇಟಿನ ಪಟ್ಟಿಯೇ ಹೋಗುತ್ತದೆ.

ಇನ್ನೊಂದು ತಲೆನೋವು, ಓದಿದ ಗುರುತು. ಒಬ್ಬರು ತೆರೆದರೆ ಎಲ್ಲರಿಗೂ ಓದಿದಂತೆ ಕಾಣುತ್ತದೆ. ಅಣ್ಣ ‘ಆಮೇಲೆ ಬರೆಯೋಣ’ ಅಂತ ಬಿಟ್ಟ ಮೇಲನ್ನು ನಾವು ಮುಗಿದದ್ದು ಅಂದುಕೊಂಡು ಎರಡು ದಿನ ಮರೆತದ್ದೂ ಉಂಟು. ಈಗ ತೆರೆದವರು ಬರೆಯುವ ಮುಂಚೆಯೇ ತಮ್ಮ ಹೆಸರಿನ ಲೇಬಲ್ ಹಾಕಬೇಕು. ಬೇರೆಯವರ ಲೇಬಲ್ ಕಂಡರೆ ಕೈ ಹಾಕುವಂತಿಲ್ಲ, ತುರ್ತಿದ್ದರೆ ಫೋನ್ ಮಾಡಿ ಕೇಳಬೇಕು.

ದನಿಯ ವಿಷಯದಲ್ಲಿ ಜಗಳವೇ ಆಯಿತು. ಅತ್ತಿಗೆಗೆ ‘ತಾವು’, ನನಗೆ ‘ಬನ್ನಿ ಬನ್ನಿ’, ಅಣ್ಣನಿಗೆ ಒಂದೇ ಪದ, ‘ಓಕೆ’. ಕೊನೆಗೆ ‘ನೀವು’ ಅಂತ ತೀರ್ಮಾನ ಆಯಿತು. ಹೆಸರು ನೋಡಿ ಗಂಡೋ ಹೆಣ್ಣೋ ಊಹಿಸುವುದಿಲ್ಲ, ಪೂರ್ತಿ ಹೆಸರಿನ ಜೊತೆ ‘ಅವರೇ’. ಅತಿಥಿಗಳು ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷ್, ಕನ್ನಡದಲ್ಲಿ ಕೇಳಿದರೆ ಕನ್ನಡ. ಮಧ್ಯದಲ್ಲಿ ಉತ್ತರ ಕೊಡುವವರು ಬದಲಾದರೆ ಹಿಂದಿನ ಮೇಲುಗಳನ್ನೆಲ್ಲ ಓದಿ ಮುಂದುವರಿಸಬೇಕು, ‘ಅತ್ತಿಗೆ ಹೇಳಿದಂತೆ’ ಅಂತ ಸುಮ್ನೆ ಒಂದು ಸಾಲು ಸೇರಿಸಿದರೂ ಸಾಕು.

ಸಹಿಯಲ್ಲಿ ಬರೆದವರ ಹೆಸರು, ಕೆಳಗೆ ಹೋಂಸ್ಟೇ ಹೆಸರು ಮತ್ತು ಒಂದೇ ಫೋನ್ ನಂಬರ್. ಬರೀ ‘ತಂಡ’ ಅಂತ ಹಾಕಿದರೆ, ಫೋನ್ ಮಾಡಿದವರಿಗೆ ಯಾರನ್ನು ಕೇಳಬೇಕೋ ತಿಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಮೂರು ಸಹಿ ಮಾಡಿಟ್ಟು ಬೇಕಾದ್ದನ್ನು ಆರಿಸಬಹುದು. ಆದರೆ ಫೋನಿನ ಆ್ಯಪ್‌ನಲ್ಲಿ ಸಹಿಯ ಸೆಟ್ಟಿಂಗ್ ಬೇರೆಯೇ ಇರುತ್ತದೆ, ಅಲ್ಲೂ ಹಾಕಬೇಕು. ಅಣ್ಣನ ಫೋನಿನಿಂದ ಹೋಗುವ ಮೇಲುಗಳಲ್ಲಿ ಇನ್ನೂ ಅವನು ಹಿಂದೆ ಮಾಡುತ್ತಿದ್ದ ಗೊಬ್ಬರದ ಅಂಗಡಿಯ ಹೆಸರೇ ಇದೆ. ನಾಳೆ ಅವನ ಫೋನ್ ಕಿತ್ತುಕೊಂಡು ಸರಿ ಮಾಡಬೇಕು.