ಚಿಕ್ಕ ವಾಕ್ಯ ಅಂದ್ರೆ ಚಿಕ್ಕ ಮೆಸೇಜ್ ಅಲ್ಲ

ನಮ್ಮ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. ಲ್ಯಾಬಿನಿಂದ ಬಂದ ಮೆಸೇಜನ್ನು ಮನೆಯವರೊಬ್ಬರು ಹಾಗೇ ಅವರಿಗೆ ಕಳಿಸಿದ್ದರು: "ನಾಳೆ 7.30ಕ್ಕೆ ಎಫ್‌ಬಿಎಸ್, ಪಿಪಿಬಿಎಸ್. 10 ಗಂಟೆ ಫಾಸ್ಟಿಂಗ್ ಕಡ್ಡಾಯ."

ಎಷ್ಟು ಚುಟುಕು ಅಲ್ವಾ? ಆದರೆ 10 ಗಂಟೆ ಅಂದರೆ ಹತ್ತು ಗಂಟೆ ಕಾಲ ಉಪವಾಸವೋ, ಹತ್ತು ಗಂಟೆವರೆಗೆ ಉಪವಾಸವೋ? ನೀರು ಕುಡಿಯಬಹುದಾ? ಎಫ್‌ಬಿಎಸ್ ಅಂದರೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡೋದು. ಪಿಪಿಬಿಎಸ್ ಅಂದರೆ ಊಟ ಶುರು ಮಾಡಿ ಎರಡು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ಕೊಡಬೇಕು ಅಂತ. ಅದು ಗೊತ್ತಿಲ್ಲದವರು ಮೊದಲ ಸಲ ಸೂಜಿ ಚುಚ್ಚಿಸಿಕೊಂಡು ಮನೆಗೆ ಹೊರಟುಬಿಡುತ್ತಾರೆ. ಆ ನಾಲ್ಕಕ್ಷರದ ಪೂರ್ತಿ ಹೆಸರು ಬರೆದರೂ ಪ್ರಯೋಜನವಿಲ್ಲ. ಹೆಸರು ಬೇಡ, ಏನು ಮಾಡಬೇಕು ಅನ್ನೋದು ಬೇಕು.

ಹಿರಿಯರಿಗೆ ಬರೆಯುವಾಗ ನಾವು ಮೊಟಕು ಮಾಡಲು ಹೊರಡುತ್ತೇವೆ. ನನ್ನ ಪ್ರಕಾರ ವಾಕ್ಯ ಚಿಕ್ಕದಾಗಬೇಕು, ಮೆಸೇಜ್ ಉದ್ದವಾದರೂ ಪರವಾಗಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡು ನಾನು ಹೀಗೆ ಬರೆದೆ:

"ದೊಡ್ಡಮ್ಮ, ಮಂಗಳವಾರ ಬೆಳಿಗ್ಗೆ ನಿಮಗೆ ಸಕ್ಕರೆ ಪರೀಕ್ಷೆ ಇದೆ.

ಸೋಮವಾರ ರಾತ್ರಿ ಒಂಬತ್ತರೊಳಗೆ ಊಟ ಮುಗಿಸಿ. ಆಮೇಲೆ ಏನೂ ತಿನ್ನಬೇಡಿ. ಕಾಫಿ, ಹಾಲು ಕೂಡ ಬೇಡ. ನೀರು ಕುಡಿಯಬಹುದು.

ಬೆಳಿಗ್ಗೆ ಏಳೂವರೆಗೆ ರಕ್ತ ತೆಗೆಯುತ್ತಾರೆ. ಅದಾದ ಮೇಲೆ ತಿಂಡಿ ತಿನ್ನಿ. ಸಕ್ಕರೆ ಮಾತ್ರೆ ತಿಂಡಿ ಜೊತೆಗೇ ತಗೊಳ್ಳಿ, ಮೊದಲೇ ಬೇಡ.

ತಿಂಡಿ ಶುರು ಮಾಡಿ ಎರಡು ಗಂಟೆಗೆ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಅಲ್ಲಿವರೆಗೆ ಮನೆಗೆ ಹೊರಡಬೇಡಿ."

"ನಾಳೆ" ತೆಗೆದು ವಾರದ ಹೆಸರು ಹಾಕಿದ್ದು ಬೇಕಂತಲೇ. ಅವರು ಮೆಸೇಜ್ ನೋಡೋದು ಕಳಿಸಿದ ದಿನವೇ ಅಂತೇನಿಲ್ಲ. ಮರುದಿನ ಓದಿದರೆ ಆ "ನಾಳೆ" ಒಂದು ದಿನ ಮುಂದಕ್ಕೆ ಹೋಗುತ್ತದೆ. ಒಂದು ವಾಕ್ಯಕ್ಕೆ ಒಂದೇ ಕೆಲಸ, ಅದೂ ಮಾಡುವ ಕ್ರಮದಲ್ಲೇ. "ಊಟಕ್ಕೆ ಮೊದಲು, ಆದರೆ ಪರೀಕ್ಷೆಯ ನಂತರ" ಅಂತ ಸುತ್ತಿಸಿದರೆ ಯಾರಿಗಾದರೂ ತಲೆ ತಿರುಗುತ್ತದೆ, ವಯಸ್ಸಿನ ಮಾತು ಬಿಡಿ. ಹಾಗಂತ ಮಗುವಿಗೆ ಹೇಳುವ ಹಾಗೆ "ಜಾಣೆ ಅಲ್ವಾ, ಮರೀಬಾರದು" ಅಂತೆಲ್ಲ ಸೇರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಳಿಸಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಹೂಂ ಅಂದುಬಿಡುತ್ತಾರೆ. "ಮಂಗಳವಾರ ಎದ್ದ ಮೇಲೆ ಏನೇನು ಮಾಡ್ತೀರಿ, ಹೇಳಿ ನೋಡೋಣ" ಅನ್ನಿ. ದೊಡ್ಡಮ್ಮ ಶುರುವಲ್ಲೇ ನಿಲ್ಲಿಸಿ, "ಬಿಪಿ ಮಾತ್ರೆ?" ಅಂದರು. ಮತ್ತೆ ಡಾಕ್ಟರಿಗೆ ಫೋನ್. ಆಮೇಲೆ ಒಂದು ಸಾಲು ಸೇರಿತು: "ಬಿಪಿ ಮಾತ್ರೆ ದಿನದ ಹಾಗೇ ನೀರಿನಲ್ಲಿ ತಗೊಳ್ಳಿ." ಬಿಪಿಯನ್ನು ಬಿಪಿ ಅಂತಲೇ ಬರೆದೆ. ಅವರು ದಿನಾ ಆಡುವ ಮಾತೇ ಅದು. ರಕ್ತದೊತ್ತಡ ಅಂದಿದ್ದರೆ ಯಾವ ಮಾತ್ರೆ ಅಂತ ಇನ್ನೊಂದು ಫೋನ್ ಬರುತ್ತಿತ್ತು.