ಹೃದಯದ ಚೀಲ ಬಿಗಿದಿದೆಯಾ, ಸ್ನಾಯು ಗಡುಸಾಗಿದೆಯಾ: ತೀರ್ಮಾನಕ್ಕೆ ಕ್ಯಾಥ್ ಬೇಕೇ ಬೇಕಾ?

45 ವರ್ಷದ ಒಬ್ಬ ರೋಗಿ ಎಂದುಕೊಳ್ಳಿ. ಹಿಂದೆ ಟಿಬಿ ಬಂದಿತ್ತು. ಈಗ ಹೊಟ್ಟೆಯಲ್ಲಿ ನೀರು, ಕಾಲು ಊತ, ಕತ್ತಿನ ನರ ಉಬ್ಬಿದೆ. ಹೃದಯ ಚೆನ್ನಾಗಿಯೇ ಹಿಂಡುತ್ತಿದೆ, ತುಂಬಿಕೊಳ್ಳುವುದೇ ಕಷ್ಟ. ಹೊರಚೀಲ ಬಿಗಿದಿದ್ದರೆ ಅದು ಕನ್‌ಸ್ಟ್ರಿಕ್ಟಿವ್ ಪೆರಿಕಾರ್ಡೈಟಿಸ್, ಚೀಲ ಸುಲಿದು ತೆಗೆಯಬಹುದು. ಸ್ನಾಯುವೇ ಗಡುಸಾಗಿದ್ದರೆ ರಿಸ್ಟ್ರಿಕ್ಟಿವ್ ಕಾರ್ಡಿಯೋಮಯೋಪತಿ. ಆಗ ಎದೆ ತೆರೆಯುವುದು ಸುಮ್ನೆ ಅಪಾಯ. ಇವೆರಡರಲ್ಲಿ ಯಾವುದು ಅಂತ ತಿಳಿಯಲು ಕ್ಯಾಥ್, ಅಂದರೆ ಹೃದಯದೊಳಗೆ ಸಣ್ಣ ಕೊಳವೆ ಹಾಯಿಸಿ ಒತ್ತಡ ಅಳೆಯುವ ಪರೀಕ್ಷೆ, ಎಲ್ಲರಿಗೂ ಬೇಕಾ?

ಪರ: ಬೇಕು

ಇವರ ಸಿಟಿಯಲ್ಲಿ ಚೀಲದ ದಪ್ಪ ಬರೀ 2 ಮಿ.ಮೀ. ಅಂದರೆ ನಾರ್ಮಲ್. ಅಷ್ಟಕ್ಕೇ ಕನ್‌ಸ್ಟ್ರಿಕ್ಷನ್ ಇಲ್ಲ ಅಂದುಬಿಡಬೇಡಿ. ಮೇಯೋ ಕ್ಲಿನಿಕ್‌ನಲ್ಲಿ ಆಪರೇಷನ್‌ನಿಂದ ಖಚಿತವಾದ ಕೇಸುಗಳಲ್ಲೇ ಸುಮಾರು 18% ಜನರ ಚೀಲ ದಪ್ಪವಾಗಿರಲಿಲ್ಲ.

ಕ್ಯಾಥ್‌ನಲ್ಲೂ ಎಲ್ಲ ಗುರುತೂ ನಂಬಿಕೆಗೆ ಅರ್ಹವಲ್ಲ. ಒತ್ತಡ ದಿಢೀರನೆ ಇಳಿದು, ಏರಿ, ಸಮತಟ್ಟಾಗಿ ನಿಲ್ಲುವ ಆ ಪ್ರಸಿದ್ಧ ಗೆರೆ ಎರಡೂ ಕಾಯಿಲೆಗಳಲ್ಲಿ ಕಾಣುತ್ತದೆ. ನೋಡಬೇಕಾದ್ದು ಉಸಿರು. ಹೃದಯದ ಕೆಳಗಿನ ಎಡ-ಬಲ ಕೋಣೆಗಳಾದ ಎರಡೂ ವೆಂಟ್ರಿಕಲ್‌ಗಳಲ್ಲಿ ಒಂದೊಂದು ಕ್ಯಾಥೆಟರ್ ಕೊಳವೆ ಇಟ್ಟು, ಒಟ್ಟಿಗೇ ಒತ್ತಡದ ಗೆರೆ ತೆಗೆಯಬೇಕು. ಉಸಿರೆಳೆದಾಗ ಶ್ವಾಸಕೋಶದ ಒತ್ತಡ ಇಳಿಯುತ್ತದೆ, ಆದರೆ ಗಟ್ಟಿ ಚೀಲದೊಳಗಿನ ಹೃದಯಕ್ಕೆ ಅದು ತಟ್ಟುವುದಿಲ್ಲ. ಎಡಕ್ಕೆ ಬರುವ ರಕ್ತ ಕಡಿಮೆಯಾಗುತ್ತದೆ. ನಡುಗೋಡೆ ಎಡಕ್ಕೆ ಸರಿಯುತ್ತದೆ, ಬಲಕ್ಕೆ ಜಾಗ ಸಿಗುತ್ತದೆ. ನಮ್ಮ ರೋಗಿಯಲ್ಲಿ ಎಡದ ಸಿಸ್ಟಾಲಿಕ್ ಒತ್ತಡ 118ರಿಂದ 104ಕ್ಕೆ ಇಳಿಯಿತು, ಬಲದ್ದು 40ರಿಂದ 46ಕ್ಕೆ ಏರಿತು. ಸ್ನಾಯು ಗಡುಸಾಗಿದ್ದರೆ ಎರಡೂ ಒಟ್ಟಿಗೇ ಇಳಿಯುತ್ತಿದ್ದವು. ಇಷ್ಟು ನೇರವಾದ ಸಾಕ್ಷಿ ಕೈಯಲ್ಲಿಲ್ಲದೆ ಸರ್ಜನ್ ಹತ್ತಿರ ಕಳಿಸುವುದು ಹೇಗೆ?

ವಿರೋಧ: ಎಲ್ಲರಿಗೂ ಬೇಡ

ಒಂದು ಕಡೆ ಇಳಿದಾಗ ಇನ್ನೊಂದು ಏರುವ ಈ ಎಡ-ಬಲದ ಜಗಳ ಹೃದಯದ ಅಲ್ಟ್ರಾಸೌಂಡ್ ಆದ ಎಕೋದಲ್ಲೇ ಕಾಣುತ್ತದೆ ಅಲ್ವಾ? ಉಸಿರಿನ ಜೊತೆ ನಡುಗೋಡೆ ಅತ್ತಿತ್ತ ಸರಿಯುತ್ತದೆ. ಉಸಿರು ಬಿಟ್ಟಾಗ ಲಿವರ್‌ನ ರಕ್ತನಾಳದಲ್ಲಿ ರಕ್ತ ಹಿಂದಕ್ಕೆ ನುಗ್ಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು ಟಿಶ್ಯೂ ಡಾಪ್ಲರ್. ಮೈಟ್ರಲ್ ಕವಾಟದ ಬುಡ, ನಡುಗೋಡೆಯ ಕಡೆ, ಎಷ್ಟು ವೇಗವಾಗಿ ಹಿಗ್ಗುತ್ತದೆ ಅಂತ ಅಳೆಯುವುದು. ಚೀಲ ಬಿಗಿದವರಲ್ಲಿ ಸ್ನಾಯು ಆರೋಗ್ಯವಾಗಿಯೇ ಇರುತ್ತದೆ, ಸೆಕೆಂಡಿಗೆ 9 ಸೆಂ.ಮೀ. ಅಥವಾ ಹೆಚ್ಚು ಸಿಗುತ್ತದೆ. ಅಮೈಲಾಯ್ಡ್‌ನಂಥ ಸ್ನಾಯು ರೋಗದಲ್ಲಿ ಅದು 4–5ಕ್ಕೂ ಇಳಿದಿರಬಹುದು. ನಮ್ಮ ರೋಗಿಯಲ್ಲಿ 13 ಇತ್ತು, ಹೊರಗೋಡೆಯ ಕಡೆ 10. ಸಾಮಾನ್ಯವಾಗಿ ಹೊರಗಡೆಯದ್ದೇ ಜಾಸ್ತಿ ಇರಬೇಕು. ಚೀಲ ಆ ಗೋಡೆಗೆ ಅಂಟಿಕೊಂಡಿದ್ದಕ್ಕೇ ಹೀಗೆ ಉಲ್ಟಾ ಆಗಿರುವುದು.

ಕ್ಯಾಥ್ ಕೂಡ ಮೋಸ ಮಾಡುತ್ತದೆ. ನೀರಿಳಿಸುವ ಮಾತ್ರೆ ಜಾಸ್ತಿಯಾಗಿ ರೋಗಿ ಒಣಗಿದ್ದರೆ ಗುರುತುಗಳು ಮರೆಯಾಗುತ್ತವೆ, ಸಲೈನ್ ಕೊಟ್ಟು ಮತ್ತೆ ನೋಡಬೇಕು. ಕ್ಯಾಥೆಟರ್‌ನಲ್ಲಿ ಗಾಳಿಗುಳ್ಳೆ ಇದ್ದರೆ ಗೆರೆಯಲ್ಲಿ ಇಲ್ಲದ ತಗ್ಗು ಮೂಡುತ್ತದೆ. ಟ್ರೈಕಸ್ಪಿಡ್ ಕವಾಟ ಜೋರಾಗಿ ಸೋರುತ್ತಿದ್ದರೂ ಎಡ-ಬಲ ಜಗಳವಾಡಿದಂತೆ ಕಾಣಬಹುದು.

ಹಾಗಂತ ನನ್ನದು ಹಟವಲ್ಲ. ಕ್ಯಾನ್ಸರ್‌ಗೆ ಎದೆಗೆ ರೇಡಿಯೇಷನ್ ತೆಗೆದುಕೊಂಡವರಲ್ಲಿ ಚೀಲ, ಸ್ನಾಯು ಎರಡೂ ಕೆಟ್ಟಿರಬಹುದು. ಅಂಥವರ ಎಕೋ ಗೊಂದಲವಾಗಿದ್ದರೆ ಕ್ಯಾಥ್‌ಗೆ ನಾನೇ ಬರೆದುಕೊಡುತ್ತೇನೆ.